ಶ್ರುತಪಂಚಮಿಯಿಂದ ಶ್ರುತಪಂಚಮಿಯವರೆಗೆ: ಮೀಸಲು ಸಂಗ್ರಹದಲ್ಲಿ ಕೀಟವೀಕ್ಷಣೆ



ಷಟ್ಖಂಡಾಗಮದ ರಚನೆ ಪೂರ್ಣಗೊಂಡುದರ ಸ್ಮರಣೆಗಾಗಿ ಜ್ಯೇಷ್ಠ ಶುಕ್ಲ ಪಂಚಮಿಯಂದು ನಾವು ಶ್ರುತಪಂಚಮಿಯನ್ನು ಆಚರಿಸುತ್ತೇವೆ. ಅಂದು ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ವಸ್ತ್ರದಲ್ಲಿ ಕಟ್ಟಿಡುವುದು ವಾಡಿಕೆ. ಆ ಆಗಮದ ಧವಲಾ ಟೀಕೆಯ ಪ್ರಾಚೀನ ತಾಡಪತ್ರ ಪ್ರತಿಗಳು ಉಳಿದುಬಂದುದು ಮೂಡುಬಿದಿರೆಯಲ್ಲಿ, ಹಳಗನ್ನಡ ಲಿಪಿಯಲ್ಲಿ. ಅಲ್ಲಿಯೂ ಕೆಲವು ಗರಿಗಳು ತ್ರುಟಿತವಾಗಿದ್ದುದರಿಂದ ಮಹಾಬಂಧದ ಮುದ್ರಿತ ಪಾಠದಲ್ಲಿ ಅಲ್ಲಲ್ಲಿ ಖಾಲಿ ಸ್ಥಳಗಳು ಉಳಿದಿವೆ. ಅವನ್ನು ತುಂಬಿಕೊಳ್ಳಲು ಬೇರೊಂದು ಪ್ರತಿಯಿಲ್ಲ.

ಬಸದಿಗಳ ಚಿಕ್ಕ ವಸ್ತುಸಂಗ್ರಹಾಲಯಗಳಲ್ಲಿ ಪ್ರದರ್ಶನಕ್ಕೆ ಇಟ್ಟಿರುವುದು ಕಡಿಮೆ, ಒಳಕೋಣೆಯ ಕಪಾಟುಗಳಲ್ಲಿ ಮೀಸಲಾಗಿ ಇಟ್ಟಿರುವುದೇ ಹೆಚ್ಚು. ತಾಡಪತ್ರದ ಕಟ್ಟುಗಳು, ಕಟ್ಟಿನ ಮರದ ಹಲಗೆಗಳು, ರೇಷ್ಮೆಯ ವಸ್ತ್ರಗಳು, ಹಳೆಯ ಪಲ್ಲಕ್ಕಿಯ ಭಾಗಗಳು ಅಲ್ಲಿರುತ್ತವೆ. ಆ ಬಾಗಿಲು ಅನೇಕ ಕಡೆ ವರ್ಷಕ್ಕೊಮ್ಮೆ ಮಾತ್ರ ತೆರೆಯುತ್ತದೆ. ತೊಡಕು ಇರುವುದು ಇಲ್ಲಿಯೇ. ಸಿಗರೇಟ್ ಬೀಟಲ್ ಎಂಬ, ಎರಡು ಮೂರು ಮಿಲಿಮೀಟರ್ ಉದ್ದದ ಕಂದು ದುಂಬಿಯು ಬೆಚ್ಚಗಿನ ತೇವದ ಕೋಣೆಯಲ್ಲಿ ಸುಮಾರು ಒಂದೂವರೆ ಎರಡು ತಿಂಗಳಲ್ಲಿ ಮೊಟ್ಟೆಯಿಂದ ಬೆಳೆದು ಹೊರಬರುತ್ತದೆ. ಒಂದು ಶ್ರುತಪಂಚಮಿಯಿಂದ ಮುಂದಿನದರ ಒಳಗೆ ಅದರ ನಾಲ್ಕೈದು ತಲೆಮಾರುಗಳು ಕಳೆದಿರುತ್ತವೆ. ಹಾರುವ ದುಂಬಿ ಗರಿಯನ್ನು ತಿನ್ನುವುದಿಲ್ಲ; ತಿನ್ನುವುದು ಒಳಗೆ ಅಡಗಿರುವ ಮರಿಹುಳು. ನಾವು ರಂಧ್ರವನ್ನು ಕಾಣುವ ವೇಳೆಗೆ ಅದು ತಿಂದು ಮುಗಿಸಿ ಹೊರಟುಹೋಗಿರುತ್ತದೆ.

ಕೀಟಕ್ಕೆ ಅನುಕೂಲವನ್ನು ಮಾಡಿಕೊಡುವುದು ತೇವ. ತಾಡಪತ್ರಕ್ಕೆ ಶೇಕಡಾ 50ರಿಂದ 60ರಷ್ಟು ಸಾಪೇಕ್ಷ ತೇವಾಂಶ ಹಿತಕರ. ಶೇಕಡಾ 70ನ್ನು ಮೀರಿ ಕೆಲವು ದಿನ ನಿಂತರೆ ಬೂಷ್ಟು ಬರುತ್ತದೆ, ಬೂಷ್ಟನ್ನು ತಿನ್ನುವ ಪುಸ್ತಕದ ಹೇನು ಬರುತ್ತದೆ. ಶೇಕಡಾ 40ಕ್ಕಿಂತ ಇಳಿದರೆ ಗರಿ ಒಣಗಿ ಸೀಳುತ್ತದೆ. ಕಪಾಟಿನೊಳಗೆ ಸಣ್ಣದೊಂದು ತೇವಮಾಪಕವನ್ನಿಟ್ಟು ಬೆಳಿಗ್ಗೆ ಸಂಜೆ ಓದಿ ಬರೆದಿಟ್ಟರೆ ಸಾಕು. ತಾಳವಾಡಿಯಂತಹ ಬೆಟ್ಟದ ಸೀಮೆಯಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ರಾತ್ರಿಯ ಚಳಿಗೆ ದಪ್ಪ ಗೋಡೆ 20 ಡಿಗ್ರಿಗೆ ತಣಿದಿರುತ್ತದೆ ಎನ್ನೋಣ. ಮಳೆಗಾಲದ ಮಧ್ಯಾಹ್ನ ಹೊರಗಿನ ಗಾಳಿ 30 ಡಿಗ್ರಿ, ತೇವಾಂಶ ಶೇಕಡಾ 60 ಇದ್ದರೆ, ‘ಗಾಳಿಯಾಡಲಿ’ ಎಂದು ಕಿಟಕಿ ತೆರೆದ ಕೂಡಲೇ ಆ ಗಾಳಿ ಗೋಡೆಗೆ ತಾಗಿ ಬೆವರುತ್ತದೆ. ಅಂದು ಕಿಟಕಿ ಮುಚ್ಚಿರುವುದೇ ಲೇಸು. ಕಪಾಟು ಗೋಡೆಗೆ ತಾಗದೆ ನಾಲ್ಕು ಬೆರಳಿನಷ್ಟಾದರೂ ದೂರವಿರಬೇಕು, ನೆಲದಿಂದಲೂ ಎತ್ತರದಲ್ಲಿರಬೇಕು. ಆಗ ಗೆದ್ದಲಿನ ಮಣ್ಣಿನ ದಾರಿ (ನಮ್ಮ ತಮಿಳು ಬಂಧುಗಳು ಕರೈಯಾನ್ ಎನ್ನುವುದು ಇದನ್ನೇ, ಹಿಂದಿಯವರ ದೀಮಕ್) ಕಣ್ಣಿಗೆ ಬೀಳುತ್ತದೆ. ಶ್ರುತಪಂಚಮಿಯ ಪೂಜೆ ಆ ದಿನವೇ ನಡೆಯಲಿ. ಕಟ್ಟುಗಳನ್ನು ಬಿಚ್ಚಿ ಗಾಳಿಗೊಡ್ಡುವ ಕೆಲಸವನ್ನು ಮಾಘ ಫಾಲ್ಗುಣಗಳ ಒಣ ಹವೆಯಲ್ಲಿ, ಬಿಸಿಲಿಗಿಡದೆ ನೆರಳಿನಲ್ಲಿ ಮಾಡುವುದು ಉತ್ತಮವೆಂದು ನನ್ನ ಅಭಿಪ್ರಾಯ.

ವಸ್ತುಸಂಗ್ರಹಾಲಯಗಳಲ್ಲಿ ಕೀಟವೀಕ್ಷಣೆಗೆ ಸಾಮಾನ್ಯವಾಗಿ ಅಂಟುಹಾಳೆಯ ಬೋನುಗಳನ್ನು ಇಡುತ್ತಾರೆ. ಅದಕ್ಕೆ ಅಂಟಿದ ಜೀವಿ ಅಲ್ಲಿಯೇ ಸಾಯುತ್ತದೆ. ತ್ರಸಜೀವಿಗಳ ಸಂಕಲ್ಪಿ ಹಿಂಸೆಯನ್ನು ತ್ಯಜಿಸಿದ ಶ್ರಾವಕರಿಗೆ ಅದು ಸಲ್ಲದು. ಅದಕ್ಕೆ ಬದಲಾಗಿ ಪ್ರತಿ ಕಟ್ಟಿನ ಕೆಳಗೆ ಒಂದು ಬಿಳಿಯ ಹಾಳೆಯನ್ನು ಹಾಸಿ, ಮೂಲೆಯಲ್ಲಿ ಕಟ್ಟಿನ ಸಂಖ್ಯೆಯನ್ನೂ ದಿನಾಂಕವನ್ನೂ ಬರೆಯಬೇಕು. ತಿಂಗಳಿಗೊಮ್ಮೆ ಟಾರ್ಚನ್ನು ಓರೆಯಾಗಿ ಹಿಡಿದು ಹಾಳೆಯನ್ನು ನೋಡಬೇಕು. ನಮ್ಮ ಮುನಿಗಳು ಪಿಂಛಿಯಿಂದ ಮಾಡುವ ಪ್ರತಿಲೇಖನವೂ ಇದೇ ಅಲ್ಲವೇ? ವಸ್ತುವನ್ನು ಎತ್ತುವ ಮುನ್ನ, ಇಡುವ ಮುನ್ನ ನೋಡುವ ಆದಾನನಿಕ್ಷೇಪಣ ಸಮಿತಿಯನ್ನು ಕಪಾಟಿಗೂ ಅನ್ವಯಿಸಿದಂತಾಯಿತು. ಅಂಟುಹಾಳೆಯಂತೆ ಇದು ಓಡಾಡುವ ಕೀಟವನ್ನು ತೋರಿಸದು, ಉದುರಿದ ಪುಡಿಯನ್ನು ಮಾತ್ರ ತೋರಿಸುತ್ತದೆ. ಆ ಕೊರತೆಯನ್ನು ನಾವು ಹೆಚ್ಚು ಸಲ ನೋಡುವುದರಿಂದ ತುಂಬಿಕೊಳ್ಳಬೇಕು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ನಲವತ್ತು ಕಟ್ಟುಗಳ ಸಂಗ್ರಹದಲ್ಲಿ 17ನೆಯ ಕಟ್ಟಿನ ಹಾಳೆಯ ಮೇಲೆ ಚಿಟಿಕೆಯಷ್ಟು ಪುಡಿ ಬಿದ್ದಿದೆ. ಅದನ್ನು ಊದಬಾರದು, ಒರೆಸಿ ಎಸೆಯಲೂಬಾರದು. ಮೊದಲು ಬೆರಳಿನಿಂದ ಮುಟ್ಟಿ ನೋಡಬೇಕು. ಹಿಟ್ಟಿನಂತೆ ನುಣುಪಾಗಿದ್ದರೆ ದುಂಬಿಯ ಮರಿಹುಳುವಿನದಿರಬಹುದು. ಗಸಗಸೆಯಂತೆ ಬಿಡಿಬಿಡಿಯಾದ ಗಟ್ಟಿ ಕಾಳಾಗಿದ್ದರೆ ಒಣಮರದ ಗೆದ್ದಲಿನದು. ಆಗ ಹುಡುಕಬೇಕಾದುದು ಗರಿಯನ್ನಲ್ಲ, ಕಪಾಟಿನ ಮರವನ್ನು. ನಮ್ಮ ಪುಡಿ ನುಣುಪಾಗಿದೆ ಎಂದಿಟ್ಟುಕೊಳ್ಳಿ. ಅದನ್ನು ಕಾಗದದಲ್ಲಿ ಮಡಚಿ ದಿನಾಂಕ ಬರೆದಿರಿಸಿ, ಕಟ್ಟನ್ನು ಹೊಸ ಬಿಳಿ ಹಾಳೆಯ ಮೇಲಿಟ್ಟು, ಮುಚ್ಚಳವಿರುವ ಶುಚಿಯಾದ ಪೆಟ್ಟಿಗೆಯಲ್ಲಿ, ಉಳಿದವುಗಳಿಂದ ದೂರ ಬೇರೆ ಕೋಣೆಯಲ್ಲಿ ಇರಿಸಬೇಕು. ಏಳು ದಿನಗಳ ನಂತರ ಹಾಳೆ ಬಿಳಿಯಾಗಿಯೇ ಇದ್ದರೆ, ಹಿಂದೆ ಬಿದ್ದುದು ಎತ್ತಿ ಇಡುವಾಗ ಉದುರಿದ ಹಳೆಯ ಪುಡಿಯಾಗಿರಬಹುದು. ಆದರೆ ಒಂದು ವಾರಕ್ಕೇ ನಿರ್ಣಯಿಸದೆ, ಎರಡು ತಿಂಗಳಾದರೂ ವಾರವಾರ ನೋಡುತ್ತಿರಬೇಕು. ಅಲುಗಿಸದೆ ಇಟ್ಟಿದ್ದರೂ ಪುಡಿ ಮತ್ತೆ ಮತ್ತೆ ಬಿದ್ದರೆ ಒಳಗೆ ಜೀವವಿದೆ. ರಂಧ್ರದ ಅಂಚೂ ಸಾಕ್ಷಿ ಹೇಳುತ್ತದೆ. ಹೊಸದು ತಿಳಿಬಣ್ಣದ್ದು, ಹಳೆಯದು ಕಪ್ಪಿಟ್ಟದ್ದು.

ಇನ್ನು ಮೂಲವನ್ನು ಹುಡುಕಬೇಕು. ಆ ಕಪಾಟಿನ ಕೆಳಗಿನ ಖಾನೆಯಲ್ಲಿ ಅಷ್ಟದ್ರವ್ಯದ ಅಕ್ಕಿ, ಲವಂಗ, ಬಾದಾಮಿ, ಒಣಕೊಬ್ಬರಿಗಳ ಡಬ್ಬಿಗಳಿವೆ. ಇದು ಅನೇಕ ಬಸದಿಗಳಲ್ಲಿ ಕಾಣುವ ಅನುಕೂಲಕರ ಏರ್ಪಾಡು, ಆದರೆ ಈ ದುಂಬಿಗೆ ಒಣ ಮಸಾಲೆ ಮತ್ತು ಧಾನ್ಯಗಳೇ ಪ್ರಿಯವಾದ ಆಹಾರ. ಲವಂಗದ ಡಬ್ಬಿಯನ್ನು ಬಿಳಿ ತಟ್ಟೆಗೆ ಸುರಿದು ನೋಡಿದರೆ ಅದೇ ಪುಡಿ, ಜೊತೆಗೆ ಎರಡು ದುಂಬಿಗಳೂ ಕಾಣಬಹುದು. ಹಾಗಿದ್ದಲ್ಲಿ ಪೂಜಾದ್ರವ್ಯವನ್ನು ಬೇರೆ ಕೋಣೆಗೆ ಸಾಗಿಸಿ, ಬಿಗಿಮುಚ್ಚಳದ ಗಾಜಿನ ಭರಣಿಯಲ್ಲಿ, ಒಂದು ತಿಂಗಳಿಗೆ ಬೇಕಾದಷ್ಟು ಮಾತ್ರ ಇಡಬೇಕು. ಈ ಒಂದು ಬದಲಾವಣೆ ಯಾವ ಔಷಧಿಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ಬಜೆ, ಬೇವು, ನಿಂಬೆಹುಲ್ಲಿನ ಎಣ್ಣೆ ಇವು ವಾಸನೆಯಿರುವವರೆಗೆ ಕೀಟವನ್ನು ದೂರವಿಡಬಲ್ಲವೇ ಹೊರತು ಒಳಸೇರಿದ ಹುಳುವನ್ನು ಹೊರಡಿಸಲಾರವು. ಎಣ್ಣೆ ಹೆಚ್ಚಾದರೆ ಗರಿಗೆ ಧೂಳು ಮೆತ್ತಿಕೊಳ್ಳುತ್ತದೆ.

17ನೆಯ ಕಟ್ಟಿನಲ್ಲಿ ಜೀವವಿದೆ ಎಂದು ಖಚಿತವಾದರೆ? ಕಟ್ಟನ್ನು ಬಿಚ್ಚಿ, ಹೊರಗೆ ಕಂಡ ದುಂಬಿಗಳನ್ನು ಮೃದುವಾದ ಕುಂಚದಿಂದ ಕಾಗದಕ್ಕೆ ತೆಗೆದು ದೂರ ಬಿಡಬಹುದು. ಹಳೆಯ ಹಲಗೆ, ದಾರ, ವಸ್ತ್ರಗಳಲ್ಲಿಯೇ ಹುಳುವಿದ್ದರೆ ಅವನ್ನು ಬೇರ್ಪಡಿಸಿ, ಗುರುತು ಬರೆದು ಪ್ರತ್ಯೇಕವಾಗಿಡಬಹುದು. ಗರಿಯೊಳಗೇ ಮರಿಹುಳುವಿದ್ದರೆ ಇವಾವುವೂ ಸಾಲವು. ಚೀಲದಲ್ಲಿ ಮುದ್ರೆ ಮಾಡಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಎರಡು ವಾರ ಇಡುವುದು, ಅಥವಾ ಸಾರಜನಕ ತುಂಬಿ ಆಮ್ಲಜನಕವನ್ನು ಶೇಕಡಾ 1ಕ್ಕಿಂತ ಕೆಳಗಿಳಿಸಿ ಮೂರು ವಾರ ಇಡುವುದು ಇಂದು ಬಳಕೆಯಲ್ಲಿರುವ ವಿಷರಹಿತ ವಿಧಾನಗಳು. ವಿಷವಿಲ್ಲವೆಂದ ಮಾತ್ರಕ್ಕೆ ಅವು ಅಹಿಂಸಕವಲ್ಲ; ಎರಡರಲ್ಲಿಯೂ ಜೀವ ಹೋಗುತ್ತದೆ. ಅವನ್ನು ಬೇಡವೆಂದರೆ ಗರಿಯ ಅಕ್ಷರ ಹೋಗುತ್ತದೆ, ಅದನ್ನು ತಿನ್ನುತ್ತಿರುವ ಹುಳುವಿನ ಸಂತತಿ ಪಕ್ಕದ ಕಟ್ಟಿಗೆ ಹಬ್ಬುತ್ತದೆ. ಈ ನಿರ್ಧಾರವನ್ನು ಕಪಾಟಿನ ಮುಂದೆ ನಿಂತ ಅರ್ಚಕರ ಮೇಲೆ ಹೊರಿಸಬಾರದು. ಟ್ರಸ್ಟಿನ ಮಂಡಲಿಯು ತ್ಯಾಗಿಗಳ ಮಾರ್ಗದರ್ಶನವನ್ನು ಪಡೆದು ಮುಂಚಿತವಾಗಿಯೇ ಬರಹದಲ್ಲಿ ಇರಿಸಬೇಕು. ಅಂತಹ ಕಟ್ಟಿನ ಪ್ರತಿಯೊಂದು ಗರಿಯ ಎರಡೂ ಮಗ್ಗುಲಿನ ಛಾಯಾಚಿತ್ರವನ್ನು ಆ ವಾರವೇ ತೆಗೆಯಬೇಕೆಂಬುದನ್ನೂ ಅದೇ ಬರಹದಲ್ಲಿ ಸೇರಿಸಬೇಕು.