ಬೀಳ್ಕೊಡುಗೆಯ ವಿಡಿಯೋಗೆ ಹಿನ್ನೆಲೆ ಮಾತು ಬರೆಯುವ ಕ್ರಮ

ಹೊರಕೆರೆದೇವಪುರದ ಸರ್ಕಾರಿ ಪ್ರೌಢಶಾಲೆಯೊಂದರ ಮೇಷ್ಟ್ರೊಬ್ಬರು ಅರವತ್ತು ತುಂಬಿ ಮೇ 31ರಂದು ವಯೋನಿವೃತ್ತಿ ಹೊಂದಲಿದ್ದಾರೆಂದು ಭಾವಿಸೋಣ. ಶಾಲೆಗೆ ಸೇರಿಸುವಾಗ ಜೂನ್ 1ನ್ನೇ ಜನ್ಮದಿನವಾಗಿ ಬರೆಸಿದ ಬಹುಮಂದಿಯ ನಿವೃತ್ತಿಯು ಆ ದಿನವೇ ಬರುವುದರಿಂದ, ಬೀಳ್ಕೊಡುಗೆಯ ಸಿದ್ಧತೆಯೆಲ್ಲವೂ ಬೇಸಗೆಯ ರಜೆಯಲ್ಲಿ, ಊರೂರುಗಳಿಗೆ ಚದುರಿಹೋದ ಸಹೋದ್ಯೋಗಿಗಳು ವಾಟ್ಸಾಪಿನಲ್ಲಿ ಕಳುಹಿಸುವ ತುಣುಕುಗಳನ್ನು ನೆಚ್ಚಿಕೊಂಡೇ ನಡೆಯಬೇಕಾಗುತ್ತದೆ.

1. ಮೊದಲು ಲೆಕ್ಕ

ತುಣುಕುಗಳೆಲ್ಲ ಕೈಸೇರುವ ಮುನ್ನ ಬರೆಯತೊಡಗಬಾರದು. ಬಂದ ಪ್ರತಿಯೊಂದನ್ನೂ ನೋಡಿ, ಅದರ ಅವಧಿಯನ್ನೂ ಉಳಿಸಲೇಬೇಕಾದ ಒಂದು ಮಾತನ್ನೂ ಗುರುತು ಹಾಕಿಕೊಳ್ಳಬೇಕು. ಇಪ್ಪತ್ತು ಸೆಕೆಂಡಿನ 8 ತುಣುಕುಗಳೂ ಐದು ಸೆಕೆಂಡಿನಂತೆ 20 ಛಾಯಾಚಿತ್ರಗಳೂ ಸೇರಿದರೆ ನಾಲ್ಕೂಕಾಲು ನಿಮಿಷ ಮೀರುತ್ತದೆ. ಹಿನ್ನೆಲೆಯ ಧ್ವನಿಗೆ ದೊರೆಯುವುದು ಚಿತ್ರಗಳ 100 ಸೆಕೆಂಡು ಮಾತ್ರ; ಅದರಲ್ಲಿಯೂ ಮೂರರಲ್ಲೊಂದು ಪಾಲನ್ನು ಮೌನಕ್ಕೆ ಬಿಟ್ಟು, ನಿಮಿಷಕ್ಕೆ 90 ಪದಗಳ ನಿಧಾನಗತಿಯಲ್ಲಿ ಓದುವುದಾದರೆ, ಬರೆಯಬೇಕಾದದ್ದು ಸುಮಾರು ನೂರು ಪದ.

2. ಎರಡು ಅಂಕಣದ ಹಾಳೆ

ಹಾಳೆಯ ಎಡಕ್ಕೆ ಚಿತ್ರವನ್ನೂ ಬಲಕ್ಕೆ ಮಾತನ್ನೂ ಬರೆಯಿರಿ. ಎಡಗಡೆ ಕಾಣುವುದನ್ನೇ ಬಲಗಡೆ ಹೇಳಿದರೆ ಆ ಮಾತು ವ್ಯರ್ಥ. ಮಕ್ಕಳೊಡನೆ ಗೇಟಿನ ಬಳಿ ನಿಂತ ಚಿತ್ರಕ್ಕೆ “ಮಕ್ಕಳೊಂದಿಗೆ ನಮ್ಮ ಮೇಷ್ಟ್ರು” ಎನ್ನುವುದಕ್ಕಿಂತ, “ಕೊನೆಯ ಬಸ್ಸು ಬರುವವರೆಗೂ ಮೇಷ್ಟ್ರು ಇಲ್ಲೇ ನಿಲ್ಲುತ್ತಿದ್ದರು. ಹೋಂವರ್ಕ್ ಮುಗಿಯುತ್ತಿದ್ದದ್ದೂ ಇಲ್ಲೇ” ಎಂದರೆ ಚಿತ್ರದಲ್ಲಿಲ್ಲದ ಸಂಜೆಯು ಕಣ್ಣಿಗೆ ಬರುತ್ತದೆ. ಇಂತಹ ಸಂಗತಿಗಳನ್ನು ಸಹೋದ್ಯೋಗಿಗಳಿಂದ ಕೇಳಿ ಪಡೆಯಬೇಕು, ಊಹಿಸಿ ಬರೆಯಲಾಗದು. ಸೇವೆಗೆ ಸೇರಿದ ವರ್ಷ, ವರ್ಗಾವಣೆಯ ಊರುಗಳು ಇವನ್ನು ಸೇವಾ ಪುಸ್ತಕದೊಡನೆ ತಾಳೆ ನೋಡಬೇಕು.

3. ತುಣುಕಿಗೆ ದಾರಿ

ಜವಾನರು ತಮ್ಮ ತುಣುಕಿನಲ್ಲಿ ಬಸ್ಸಿನ ಸಂಗತಿಯನ್ನೇ ಹೇಳಿದ್ದರೆ, ಅದನ್ನು ಅವರಿಗೇ ಬಿಟ್ಟು, “ಆ ಗೇಟಿನ ಬೀಗ ಹಾಕುತ್ತಿದ್ದವರು ಹೇಳುತ್ತಾರೆ” ಎಂದಷ್ಟೇ ಹೇಳಿ ಧ್ವನಿಯು ನಿಲ್ಲತಕ್ಕದ್ದು. ಅವರು ಆಡುವುದನ್ನು ಮೊದಲೇ ಆಡಿಬಿಟ್ಟರೆ ಅವರ ಮಾತಿನ ಸತ್ತ್ವವೇ ಹೋಗುತ್ತದೆ.

4. ಕಾಲದ ಎಚ್ಚರ

ಇಂತಹ ಬರಹಗಳು ಹೆಚ್ಚಾಗಿ ಕೆಡುವುದು ಕ್ರಿಯಾಪದದಲ್ಲಿ. “ಅವರು ಸರಳಜೀವಿಯಾಗಿದ್ದರು, ಮಕ್ಕಳನ್ನು ಪ್ರೀತಿಸುತ್ತಿದ್ದರು” ಎಂದು ಬರೆದರೆ ಎದುರಿಗೇ ಕುಳಿತವರಿಗೆ ಶ್ರದ್ಧಾಂಜಲಿ ಓದಿದಂತಾಗುತ್ತದೆ. ಮುಗಿದ ಕೆಲಸವನ್ನು ಭೂತಕಾಲದಲ್ಲಿಯೂ ಮುಗಿಯದ ಸ್ವಭಾವವನ್ನು ವರ್ತಮಾನದಲ್ಲಿಯೂ ಹೇಳಬೇಕು: “ಮೂವತ್ತು ವರ್ಷ ವ್ಯಾಕರಣ ಕಲಿಸಿದರು. ಇಂದಿಗೂ ತಪ್ಪು ಕಾಗುಣಿತ ಕಂಡರೆ ಪೆನ್ನು ತೆಗೆಯುತ್ತಾರೆ.”

5. ಓದಿ ನೋಡುವುದು

ಕಡೆಗೆ ಚಿತ್ರಗಳನ್ನು ಓಡಿಸುತ್ತ ಗಟ್ಟಿಯಾಗಿ ಓದಬೇಕು. ಉಸಿರು ಸಾಲದ ವಾಕ್ಯವನ್ನು ಎರಡು ಮಾಡಿ. ಚಿತ್ರವು ಸರಿದ ಮೇಲೂ ಮಾತು ಮುಗಿಯದಿದ್ದರೆ ವಿಶೇಷಣಗಳನ್ನು ಮೊದಲು ತೆಗೆಯಿರಿ, ಸಂಗತಿಯನ್ನು ಉಳಿಸಿಕೊಳ್ಳಿ. ಮೇಷ್ಟ್ರ ಮನೆಯವರಲ್ಲೊಬ್ಬರಿಗೆ ಮುಂಚಿತವಾಗಿ ಕೇಳಿಸಿದರೆ, ಸಭೆಯಲ್ಲಿ ಆಡಬಾರದ ಮಾತೇನಾದರೂ ಸೇರಿದ್ದಲ್ಲಿ ಅವರೇ ತಡೆಯುತ್ತಾರೆ.