ಅಡ್ಡಕ್ಕೊಂದು, ಉದ್ದಕ್ಕೊಂದು: ಫಾರ್ಮ್ ಉತ್ತರಗಳ ಲೆಕ್ಕ

ಪ್ರಶ್ನೆ: ನಮ್ಮ ಪ್ರೌಢಶಾಲೆಯ 120 ಮಕ್ಕಳಿಂದ ಗೂಗಲ್ ಫಾರ್ಮ್‌ನಲ್ಲಿ ಎರಡು ವಿಷಯ ಕೇಳಿದ್ದೇನೆ: ಯಾವ ತರಗತಿ, ಶಾಲೆಗೆ ಹೇಗೆ ಬರುತ್ತೀರಿ. ಉತ್ತರಗಳೆಲ್ಲ ಶೀಟ್‌ನಲ್ಲಿ ಒಂದರ ಕೆಳಗೊಂದು ಬಿದ್ದಿವೆ. ಯಾವ ತರಗತಿಯಲ್ಲಿ ಎಷ್ಟು ಮಕ್ಕಳು ನಡೆದು, ಎಷ್ಟು ಮಕ್ಕಳು ಬಸ್ಸಿನಲ್ಲಿ ಬರುತ್ತಾರೆ ಎಂದು ಒಂದೇ ಕೋಷ್ಟಕದಲ್ಲಿ ತೋರಿಸಬೇಕು. ಫಿಲ್ಟರ್ ಹಾಕಿ ಒಂದೊಂದಾಗಿ ಎಣಿಸುತ್ತಿದ್ದೇನೆ. ಬೇರೆ ದಾರಿ ಇದೆಯೆ?
– ಶಿಕ್ಷಕಿ, ಶಿವಮೊಗ್ಗ ಜಿಲ್ಲೆ

ಉತ್ತರ: ಇದೆ, ಮೇಡಂ. ಉತ್ತರಗಳಿರುವ ಶೀಟ್‌ನಲ್ಲಿ ಎಲ್ಲಾದರೂ ಒಂದು ಸೆಲ್ ಮೇಲೆ ಕ್ಲಿಕ್ ಮಾಡಿ, Insert ಮೆನುವಿನಲ್ಲಿ Pivot table ಆರಿಸಿ. ಬಂದ ಚೌಕದಲ್ಲಿ Create ಒತ್ತಿದರೆ ಹೊಸ ಶೀಟ್ ತೆರೆದು ಬಲಗಡೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ Rows ಎದುರಿನ Add ಒತ್ತಿ ‘ತರಗತಿ’ಯನ್ನೂ, Columns ಎದುರಿನ Add ಒತ್ತಿ ‘ಹೇಗೆ ಬರುತ್ತೀರಿ’ಯನ್ನೂ ಸೇರಿಸಿ. ಕೊನೆಗೆ Values ಜಾಗಕ್ಕೆ Timestamp ಹಾಕಿ, Summarize by ಎನ್ನುವಲ್ಲಿ COUNTA ಇಡಿ.

Timestamp ಏಕೆಂದರೆ, ಫಾರ್ಮ್ ಸಲ್ಲಿಸಿದ ಪ್ರತಿಯೊಬ್ಬರ ಸಾಲಿನಲ್ಲೂ ಅದು ಇದ್ದೇ ಇರುತ್ತದೆ. ಮಗುವೊಂದು ಎರಡನೇ ಪ್ರಶ್ನೆಯನ್ನು ಖಾಲಿ ಬಿಟ್ಟಿದ್ದರೂ ಅದರ ಲೆಕ್ಕ ತಪ್ಪುವುದಿಲ್ಲ, ತಲೆಬರಹವಿಲ್ಲದ ಬೇರೆ ಕಾಲಂನಲ್ಲಿ ಕಾಣಿಸುತ್ತದೆ. COUNTA ಬದಲು COUNT ಆರಿಸಬೇಡಿ. ಅದು ಸಂಖ್ಯೆ, ದಿನಾಂಕಗಳನ್ನು ಮಾತ್ರ ಎಣಿಸುತ್ತದೆ. ಅಕ್ಷರಗಳಿರುವ ಕಾಲಂ ಕೊಟ್ಟು COUNT ಎಂದರೆ ಉದ್ದಕ್ಕೂ ಸೊನ್ನೆ ಬರುತ್ತದೆ.

ನೀವು ಕಳಿಸಿದ ಶೀಟ್‌ನಿಂದ ಬಂದ ಕೋಷ್ಟಕ ಹೀಗಿದೆ:

| ತರಗತಿ | ನಡೆದು | ಸೈಕಲ್ | ಬಸ್ | ಒಟ್ಟು |
|---|---|---|---|---|
| 8 | 18 | 6 | 16 | 40 |
| 9 | 14 | 12 | 10 | 36 |
| 10 | 8 | 14 | 22 | 44 |
| ಒಟ್ಟು | 40 | 32 | 48 | 120 |

ಮೊದಲು ನೋಡಬೇಕಾದದ್ದು ಬಲಗಡೆ ಕೆಳಮೂಲೆಯ 120. ಬಂದ ಉತ್ತರಗಳ ಸಂಖ್ಯೆಗೆ ಅದು ಸರಿಹೊಂದದಿದ್ದರೆ ಪಿವಟ್ ಟೇಬಲ್ ತೆಗೆದುಕೊಂಡ ವ್ಯಾಪ್ತಿಯಲ್ಲಿ ಕೆಲವು ಸಾಲು ಬಿಟ್ಟುಹೋಗಿವೆ ಎಂದರ್ಥ. ತರಗತಿಯನ್ನು 8, 9, 10 ಎಂದು ಅಂಕಿಯಲ್ಲೇ ಕೇಳಿದ್ದು ಒಳ್ಳೆಯದಾಯಿತು. ‘8ನೇ’, ‘10ನೇ’ ಎಂದಿದ್ದರೆ ಶೀಟ್ ಅದನ್ನು ಪದವೆಂದು ತಿಳಿದು, ಮೊದಲಕ್ಷರ ನೋಡಿ 10ನೆಯದನ್ನು ಎಲ್ಲಕ್ಕಿಂತ ಮೇಲೆ ಕೂರಿಸುತ್ತಿತ್ತು.

ಪ್ರಶ್ನೆ: ಇದೇ ಕೋಷ್ಟಕದ ಬಗ್ಗೆ ಇನ್ನೊಂದು ಸಂದೇಹ. ಹತ್ತನೇ ತರಗತಿ ಮತ್ತು ಬಸ್ಸಿಗೆ ಸಂಬಂಧಿಸಿ ನಾನು ಶೇ 50 ಎಂದೆ, ಸಹೋದ್ಯೋಗಿ ಶೇ 46 ಎಂದರು. ಯಾರದು ಸರಿ?
– ಅದೇ ಶಿಕ್ಷಕಿ

ಉತ್ತರ: ಇಬ್ಬರದೂ ಸರಿ, ಆದರೆ ನೀವಿಬ್ಬರೂ ಉತ್ತರಿಸುತ್ತಿರುವ ಪ್ರಶ್ನೆ ಬೇರೆ ಬೇರೆ. ನೀವು 22ನ್ನು ಅಡ್ಡಸಾಲಿನ ಮೊತ್ತ 44ರಿಂದ ಭಾಗಿಸಿದಿರಿ: ಹತ್ತನೇ ತರಗತಿಯವರಲ್ಲಿ ಅರ್ಧದಷ್ಟು ಮಕ್ಕಳು ಬಸ್ಸಿನಲ್ಲಿ ಬರುತ್ತಾರೆ. ಅವರು ಕಾಲಂನ ಮೊತ್ತ 48ರಿಂದ ಭಾಗಿಸಿದರು: ಬಸ್ಸಿನಲ್ಲಿ ಬರುವವರ ಪೈಕಿ ಶೇ 46 ಮಂದಿ ಹತ್ತನೆಯವರು. ಬಸ್ ವೇಳೆಗೆ ತಕ್ಕಂತೆ ಹತ್ತನೆಯವರ ವಿಶೇಷ ತರಗತಿ ಇಡಬೇಕೆ ಎಂಬ ಚರ್ಚೆಗೆ ನಿಮ್ಮ ಲೆಕ್ಕ ಬೇಕು. ಬಸ್ ಹತ್ತುವ ಮಕ್ಕಳಲ್ಲಿ ಯಾವ ತರಗತಿಯವರು ಹೆಚ್ಚು ಎನ್ನುವುದಕ್ಕೆ ಅವರದು.

ಪಿವಟ್ ಟೇಬಲ್‌ನ Values ಜಾಗದಲ್ಲಿ Show as ಎಂದಿದೆ. ಅಲ್ಲಿ % of row ಕೊಟ್ಟರೆ ನಿಮ್ಮದು, % of column ಕೊಟ್ಟರೆ ಅವರದು ಬರುತ್ತದೆ. ಶೇ 100 ಎಲ್ಲಿ ಬಿದ್ದಿದೆ ನೋಡಿದರೆ ಯಾವುದೆಂದು ತಿಳಿಯುತ್ತದೆ: ಪ್ರತಿ ಅಡ್ಡಸಾಲಿನ ತುದಿಯಲ್ಲಿದ್ದರೆ ಅಡ್ಡಸಾಲಿನ ಶೇಕಡಾವಾರು, ಪ್ರತಿ ಕಾಲಂನ ಬುಡದಲ್ಲಿದ್ದರೆ ಕಾಲಂನದು.

ತರಗತಿಗಳನ್ನು ಒಂದಕ್ಕೊಂದು ಹೋಲಿಸುವಾಗ ಬರೀ ಎಣಿಕೆಯನ್ನು ನಂಬಬೇಡಿ. ಸೈಕಲ್ ಕಾಲಂ ನೋಡಿ. ಹತ್ತನೆಯಲ್ಲಿ 14, ಒಂಬತ್ತನೆಯಲ್ಲಿ 12. ಹತ್ತನೆಯವರೇ ಹೆಚ್ಚು ಸೈಕಲ್ ತುಳಿಯುತ್ತಾರೆ ಅನ್ನಿಸುತ್ತದೆ. ಆದರೆ 44ರಲ್ಲಿ 14 ಎಂದರೆ ಸುಮಾರು ಶೇ 32, 36ರಲ್ಲಿ 12 ಎಂದರೆ ಶೇ 33. ಹತ್ತನೇ ತರಗತಿ ದೊಡ್ಡದಿರುವುದರಿಂದ ಎಣಿಕೆ ಹೆಚ್ಚು ಕಂಡಿತಷ್ಟೆ. ಶೇಕಡಾವಾರು ಬರೆದಲ್ಲೆಲ್ಲ ಪಕ್ಕದಲ್ಲಿ ಒಟ್ಟು ಎಷ್ಟು ಮಂದಿ ಎಂದೂ ನಮೂದಿಸಿ.

ಪ್ರಶ್ನೆ: ನಮ್ಮ ಗ್ರಂಥಾಲಯಕ್ಕೆ ಬರುವವರ ವಯೋಗುಂಪು, ಅವರು ಓದುವುದು ಏನು ಎಂದು ದಾಖಲಿಸಿ ಪಿವಟ್ ಟೇಬಲ್ ಮಾಡಿದೆ. ‘ಪೇಪರ್’ ಎಂಬ ಕಾಲಂ ಎರಡು ಸಲ ಬಂದಿದೆ! ಅಕ್ಷರ ಅಕ್ಷರ ಹೋಲಿಸಿದರೂ ವ್ಯತ್ಯಾಸ ಕಾಣುತ್ತಿಲ್ಲ.
– ಗ್ರಂಥಾಲಯ ಮೇಲ್ವಿಚಾರಕ, ಹಾವೇರಿ ಜಿಲ್ಲೆ

ಉತ್ತರ: ಕಣ್ಣಿಗೆ ಕಾಣದ ವ್ಯತ್ಯಾಸವನ್ನು ಉದ್ದ ಅಳೆದು ಹಿಡಿಯಬೇಕು. ನಿಮ್ಮ ಉತ್ತರ C2ನಲ್ಲಿದ್ದರೆ ಪಕ್ಕದಲ್ಲಿ ಹೀಗೆ ಬರೆದು ಕೆಳಗೆ ಎಳೆಯಿರಿ:

```
=LEN(C2)
```

‘ಪೇಪರ್’ಗೆ 5 ಬರಬೇಕು: ಪ, ಏತ್ವ, ಪ, ರ, ಹಲಂತದ ಗುರುತು. ಕೆಲವು ಸಾಲುಗಳಲ್ಲಿ 6 ಬಂದಿದ್ದರೆ ಕಾರಣ ಎರಡರಲ್ಲೊಂದು. ಪದದ ಹಿಂದೆ ಖಾಲಿ ಜಾಗ ಬಿಟ್ಟಿರಬಹುದು, ಇಲ್ಲವೇ ಕನ್ನಡಕ್ಕೇ ಹೆಚ್ಚಾಗಿ ಬರುವ ತೊಂದರೆ ಇರಬಹುದು. ಮುಂದಿನ ಅಕ್ಷರ ಅರ್ಧಾಕ್ಷರಕ್ಕೆ ಒತ್ತಾಗಿ ಅಂಟದಿರಲೆಂದು ಕೆಲವು ಟೈಪಿಂಗ್ ತಂತ್ರಾಂಶಗಳು ಹಲಂತದ ಬೆನ್ನಿಗೆ ಅದೃಶ್ಯ ಅಕ್ಷರವೊಂದನ್ನು ಸೇರಿಸುತ್ತವೆ. ಅದರ ಯುನಿಕೋಡ್ ಸಂಖ್ಯೆ 8204. ಒಬ್ಬರು ಮೊಬೈಲ್‌ನಲ್ಲಿ, ಇನ್ನೊಬ್ಬರು ಕಂಪ್ಯೂಟರಿನಲ್ಲಿ ಟೈಪ್ ಮಾಡಿದರೆ ಒಂದೇ ಪದ ಎರಡಾಗುವುದು ಹೀಗೆ. ಖಾಲಿ ಜಾಗ ತೆಗೆಯುವ TRIM ಇದನ್ನು ಮುಟ್ಟುವುದಿಲ್ಲ. ಎರಡನ್ನೂ ಒಟ್ಟಿಗೆ ತೆಗೆಯಲು:

```
=TRIM(SUBSTITUTE(C2,UNICHAR(8204),""))
```

ಇದನ್ನು D ಕಾಲಂನಲ್ಲಿ ಬರೆಯಿರಿ, ಮೂಲ ಉತ್ತರವನ್ನು ತಿದ್ದಬೇಡಿ. ‘ಪೇಪರ್‌ನಲ್ಲಿ’ ಎಂಬಂಥ ಪದದ ನಡುವೆ ಆ ಅಕ್ಷರ ನಿಜಕ್ಕೂ ಬೇಕು, ತೆಗೆದರೆ ರ ಅರ್ಕಾವತ್ತಾಗಿಬಿಡುತ್ತದೆ. ಎಣಿಕೆಗೆ ಅದರಿಂದ ಬಾಧಕವಿಲ್ಲ. ಆಮೇಲೆ ಪಿವಟ್ ಟೇಬಲ್‌ನ ವ್ಯಾಪ್ತಿಯನ್ನು D ಕಾಲಂವರೆಗೆ ಹಿಗ್ಗಿಸಿ, Columns ಜಾಗದಲ್ಲಿ ಹಳೆಯದನ್ನು ತೆಗೆದು ಹೊಸ ಕಾಲಂ ಹಾಕಿ.

‘ಪೇಪರ್’, ‘ಪತ್ರಿಕೆ’, ‘ದಿನಪತ್ರಿಕೆ’ ಮೂರೂ ಒಂದೇ ಎಂದು ಯಾವ ಸೂತ್ರಕ್ಕೂ ಗೊತ್ತಾಗದು. ಬೇರೆ ಬೇರೆ ಉತ್ತರಗಳ ಪಟ್ಟಿ ಮಾಡಿ, ಪ್ರತಿಯೊಂದರ ಎದುರು ಅದು ಸೇರುವ ಗುಂಪನ್ನು ನೀವೇ ಬರೆಯಬೇಕು. ಪಟ್ಟಿ G, H ಕಾಲಂಗಳಲ್ಲಿದ್ದರೆ:

```
=VLOOKUP(D2,$G$2:$H$20,2,FALSE)
```

ಪಟ್ಟಿಯಲ್ಲಿಲ್ಲದ ಬರವಣಿಗೆ ಬಂದ ಕಡೆ #N/A ಕಾಣಿಸುತ್ತದೆ. ಅದನ್ನು ಮುಚ್ಚಿಹಾಕಬೇಡಿ, ಯಾವುದು ಬಾಕಿ ಉಳಿದಿದೆ ಎಂದು ತೋರಿಸುವುದು ಅದೇ. ಮುಂದಿನ ಸಲ ಫಾರ್ಮ್‌ನಲ್ಲಿ ಟೈಪ್ ಮಾಡಲು ಬಿಡದೆ ಆಯ್ಕೆಗಳನ್ನೇ ಕೊಟ್ಟರೆ ಈ ಕೆಲಸವೇ ಇರುವುದಿಲ್ಲ.

ಪ್ರಶ್ನೆ: ಯಾವ ತರಬೇತಿ ಬೇಕು ಎಂದು ಮೂರು ಊರಿನ ಮಹಿಳಾ ಸಂಘಗಳ 80 ಸದಸ್ಯೆಯರನ್ನು ಕೇಳಿದೆವು. ಒಂದಕ್ಕಿಂತ ಹೆಚ್ಚು ಆರಿಸಬಹುದಿತ್ತು. ಪಿವಟ್ ಟೇಬಲ್‌ನಲ್ಲಿ ‘ಹೊಲಿಗೆ, ಹೈನುಗಾರಿಕೆ’ ಎಂದೇ ಒಂದು ಕಾಲಂ ಬರುತ್ತದೆ.
– ಸಂಘದ ಕಾರ್ಯದರ್ಶಿ, ಮಂಡ್ಯ ಜಿಲ್ಲೆ

ಉತ್ತರ: ಒಬ್ಬರ ಎಲ್ಲ ಆಯ್ಕೆಗಳನ್ನೂ ಗೂಗಲ್ ಫಾರ್ಮ್ ಒಂದೇ ಸೆಲ್‌ನಲ್ಲಿ ಅಲ್ಪವಿರಾಮ ಹಾಕಿ ತುಂಬುತ್ತದೆ. ಪಿವಟ್ ಟೇಬಲ್ ಅದನ್ನು ಬಿಡಿಸುವುದಿಲ್ಲ. ಇಲ್ಲಿ ಸೂತ್ರದಿಂದಲೇ ಕೋಷ್ಟಕ ಕಟ್ಟಿ. ಊರುಗಳನ್ನು F2ರಿಂದ ಕೆಳಕ್ಕೆ, ತರಬೇತಿಗಳನ್ನು G1ರಿಂದ ಬಲಕ್ಕೆ ಬರೆದು G2ನಲ್ಲಿ ಹೀಗೆ ಹಾಕಿ:

```
=COUNTIFS($B$2:$B$81,$F2,$C$2:$C$81,"*"&G$1&"*")
```

ಡಾಲರ್ ಗುರುತುಗಳನ್ನು ಇದ್ದಲ್ಲೇ ಇಟ್ಟರೆ ಸೂತ್ರವನ್ನು ಬಲಕ್ಕೂ ಕೆಳಕ್ಕೂ ಎಳೆಯಬಹುದು. ನಕ್ಷತ್ರ ಚಿಹ್ನೆಗಳು ‘ಈ ಪದ ಒಳಗೆಲ್ಲೇ ಇದ್ದರೂ ಎಣಿಸು’ ಎನ್ನುತ್ತವೆ. ಆದ್ದರಿಂದ ‘ಹೊಲಿಗೆ’ ಮತ್ತು ‘ಯಂತ್ರ ಹೊಲಿಗೆ’ ಎರಡೂ ಆಯ್ಕೆಗಳಿದ್ದರೆ ಮೊದಲನೆಯದರಲ್ಲಿ ಎರಡೂ ಸೇರಿಹೋಗುತ್ತವೆ. ಅಂಥ ಆಯ್ಕೆಯ ಹೆಸರನ್ನು ಮೊದಲೇ ಬದಲಿಸಿಕೊಳ್ಳಿ.

ಈ ಕೋಷ್ಟಕದ ಒಟ್ಟು ಮೊತ್ತ 80ನ್ನು ದಾಟಿದರೆ ಗಾಬರಿ ಬೇಡ. ಅದು ಆಯ್ಕೆಗಳ ಮೊತ್ತ, ಸದಸ್ಯೆಯರದಲ್ಲ. ಶೇಕಡಾವಾರು ಹಾಕುವಾಗ ಆ ಮೊತ್ತದಿಂದ ಭಾಗಿಸದೆ, ಆಯಾ ಊರಿನಲ್ಲಿ ಉತ್ತರಿಸಿದ ಸದಸ್ಯೆಯರ ಸಂಖ್ಯೆಯಿಂದ ಭಾಗಿಸಿ. ಆಗ ಒಂದು ಸಾಲಿನ ಶೇಕಡಾವಾರುಗಳು ಕೂಡಿ 100ನ್ನು ಮೀರುತ್ತವೆ. ‘ಒಬ್ಬರು ಒಂದಕ್ಕಿಂತ ಹೆಚ್ಚು ಆರಿಸಿದ್ದಾರೆ’ ಎಂದು ಕೋಷ್ಟಕದ ಕೆಳಗೆ ಬರೆದರೆ ಸಭೆಯಲ್ಲಿ ಯಾರೂ ಲೆಕ್ಕ ತಪ್ಪಿದೆ ಎನ್ನಲಾರರು.