ನಗದು ವೆಚ್ಚ: ಮಿತಿ ಮೀರಿದರೆ ಲಾಭ ಹಿಗ್ಗುತ್ತದೆ

1961ರ ಆದಾಯ ತೆರಿಗೆ ಕಾಯ್ದೆಯ ಕಲಂ 40ಎ(3)ರ ಪ್ರಕಾರ ಒಬ್ಬ ವ್ಯಕ್ತಿಗೆ ಒಂದೇ ದಿನ ₹10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ವೆಚ್ಚ ಪೂರ್ತಿ ಅಮಾನ್ಯ. 2017ರ ಹಣಕಾಸು ಕಾಯ್ದೆಗೆ ಮೊದಲು ಈ ಮಿತಿ ₹20,000 ಇತ್ತು.

ಕಲಬುರಗಿಯ ಒಂದು ತೊಗರಿ ಬೇಳೆ ಮಿಲ್ ಎಂದುಕೊಳ್ಳಿ. ಲೆಕ್ಕದ ಪುಸ್ತಕದಲ್ಲಿ ಲಾಭ ₹6,00,000. ಮಾಲೀಕರು ಗೋಣಿಚೀಲದ ವ್ಯಾಪಾರಿಗೆ ಒಂದೇ ದಿನ ₹8,000ದಂತೆ ಮೂರು ಸಲ ನಗದು ಕೊಟ್ಟಿದ್ದಾರೆ. ಬಿಲ್ಲು ಮೂರಾದರೂ ದಿನದ ಮೊತ್ತ ₹24,000. ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಎಡವುವುದು ಇಲ್ಲೇ: ಅಮಾನ್ಯವಾಗುವುದು ಮಿತಿ ಮೀರಿದ ₹14,000 ಅಲ್ಲ, ಇಡೀ ₹24,000. ಹಣ ನಿಜವಾಗಿಯೂ ಖರ್ಚಾಗಿದ್ದರೂ ತೆರಿಗೆಗೆ ಒಳಪಡುವ ಲಾಭ ₹6,24,000 ಆಗುತ್ತದೆ.

ಅದೇ ಮಾಲೀಕರು ಕಮಲಾಪುರದಿಂದ ತೊಗರಿ ತಂದ ಲಾರಿಗೆ ₹30,000 ಬಾಡಿಗೆಯನ್ನು ನಗದಾಗಿ ಕೊಟ್ಟರೆ ತೊಂದರೆಯಿಲ್ಲ. ಸರಕು ಸಾಗಣೆ ವಾಹನಕ್ಕೆ ಮಿತಿ ₹35,000. ತೊಗರಿ ಬೆಳೆದ ರೈತನಿಗೇ ₹60,000 ನಗದು ಕೊಟ್ಟರೂ ನಿಯಮ 6ಡಿಡಿ ವಿನಾಯಿತಿ ನೀಡುತ್ತದೆ. ಆದರೆ ಅದೇ ತೊಗರಿಯನ್ನು ಮಧ್ಯದ ವ್ಯಾಪಾರಿಯಿಂದ ಕೊಂಡರೆ ಈ ವಿನಾಯಿತಿ ಸಿಗದು. ಪ್ರಶ್ನೆಯಲ್ಲಿ ಮಾರಿದವರು ಯಾರು ಎಂಬುದನ್ನು ಮೊದಲು ನೋಡಿ.